ದೊಡ್ಡವಳ ಸಹಿ

ನಮ್ಮ ಮನೆಯಲ್ಲಿ ಮೂವರು ಮಕ್ಕಳು. ನಾನು ದೊಡ್ಡವಳು. ನನಗಿಂತ ಐದು ವರ್ಷಕ್ಕೆ ಚಿಕ್ಕವನು ತಮ್ಮ, ಅವನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು ತಂಗಿ. ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ, ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಎರಡು ತಾಲ್ಲೂಕಿನ ಸುದ್ದಿಯನ್ನೂ ಪೇಪರಿಗೆ ಕಳಿಸುವ ಕೆಲಸ ನನ್ನದು. ಹಾಗಾಗಿ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಆ ಕಡೆ ಈ ಕಡೆ ಓಡಾಡುವುದು ನನಗೆ ಹೊಸದೇನಲ್ಲ.

ಮನೆಗೆ ದೊಡ್ಡವರಾಗಿ ಹುಟ್ಟಿದವರಿಗೆ ಕೆಲಸವನ್ನು ಯಾರೂ ಹೇಳಿ ಕೊಡುವುದಿಲ್ಲ. ಅದು ತಾನಾಗಿ ಬಂದು ಕೂರುತ್ತದೆ. ಅವ್ವ ನಾಟಿಗೆ ಹೋದರೆ ತಂಗಿಯನ್ನು ಸೊಂಟದ ಮೇಲೆ ಹೊತ್ತವಳು ನಾನು. ಅನ್ನಕ್ಕೆ ನೀರು ಎಷ್ಟಿಡಬೇಕೆಂದು ಯಾರೂ ಕಲಿಸದೆ ಕಲಿತವಳೂ ನಾನು. ಇದೆಲ್ಲ ಎಷ್ಟೋ ಮನೆಯ ಕಥೆ, ಓದುವ ನಿಮಗೂ ಗೊತ್ತಿರುವುದೇ. ನಾನು ಇಲ್ಲಿ ಹೇಳಲು ಹೊರಟಿರುವುದು ದೊಡ್ಡವರ ಪಾಲಿಗೆ ಬರುವ ಇನ್ನೊಂದು ಕೆಲಸದ ಬಗ್ಗೆ. ಅದು ಕಾಗದದ ಕೆಲಸ, ಸಹಿಯ ಕೆಲಸ.

ನಮ್ಮ ಮನೆಯಲ್ಲಿ ಓದಲು ಬರೆಯಲು ಸರಾಗವಾಗಿ ಬಂದ ಮೊದಲನೆಯವಳು ನಾನೇ. ಅಪ್ಪ ಮೂರನೇ ಕ್ಲಾಸು, ಅವ್ವ ಶಾಲೆಯ ಮುಖ ನೋಡಿದವಳಲ್ಲ. ಸೊಸೈಟಿಯಿಂದ ನೋಟಿಸ್ ಬಂದರೆ, ಕರೆಂಟ್ ಬಿಲ್ಲು ಬಂದರೆ, ರೇಷನ್ ಕಾರ್ಡಿಗೆ ಅರ್ಜಿ ತುಂಬಬೇಕಾದರೆ ಎಲ್ಲವೂ ನನ್ನ ಕೈಗೆ. ಎಂಟನೇ ಕ್ಲಾಸಿನಲ್ಲೇ ತಮ್ಮನ ಮಾರ್ಕ್ಸ್ ಕಾರ್ಡಿನ ಹಿಂದೆ "ಪೋಷಕರ ಸಹಿ" ಎಂದಿದ್ದ ಕಡೆ ಅಪ್ಪನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸುತ್ತಿದ್ದವಳು ನಾನು. ಮದುವೆಯಾದ ಮೇಲೂ ಈ ಕೆಲಸ ತಪ್ಪಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ, "ಅಕ್ಕ, ಇದರಾಗೆ ಏನು ಬರೆದಾರೆ ನೋಡು" ಎಂದು ತಮ್ಮ ಕೇಳುವುದು ವಾರಕ್ಕೊಮ್ಮೆಯಾದರೂ ಇತ್ತು.

ಅಪ್ಪ ತೀರಿಕೊಂಡದ್ದು 2022ರ ಮಳೆಗಾಲ ಶುರುವಾಗುವ ಹೊತ್ತಿಗೆ. ಗದ್ದೆಗೆ ಬೀಜ ಬೀಳುವ ಕಾಲ. ಕಾರ್ಯ ಮುಗಿದ ಮರುದಿನವೇ ತಮ್ಮ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟ. ಅದರಲ್ಲಿ ಪಹಣಿ, ಪಾಸ್ ಪುಸ್ತಕ, ಸೊಸೈಟಿಯ ರಸೀದಿ, ಕಂದಾಯದ ಚೀಟಿ ಎಲ್ಲ ಒಟ್ಟಿಗೆ ಇದ್ದವು. "ನೀನೇ ನೋಡ್ಕ ಅಕ್ಕ, ನಂಗೇನೂ ಗೊತ್ತಾಗಲ್ಲ" ಎಂದ. ಹೀಗೆ ಆ ಚೀಲ ನನ್ನದಾಯಿತು.

ಪಹಣಿಯನ್ನು ಬಿಡಿಸಿ ನೋಡಿದೆ. ಎರಡು ಸರ್ವೆ ನಂಬರು. ಒಂದರಲ್ಲಿ 1 ಎಕರೆ 30 ಗುಂಟೆ ಗದ್ದೆ, ಇನ್ನೊಂದರಲ್ಲಿ 26 ಗುಂಟೆ ಅಡಿಕೆ ತೋಟ. ಒಟ್ಟು 2 ಎಕರೆ 16 ಗುಂಟೆ, ಅಂದರೆ 96 ಗುಂಟೆ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, ಅಲ್ಲಿ ಅಪ್ಪನ ಹೆಸರು ಒಂದೇ. ಹನ್ನೊಂದನೇ ಕಾಲಂನಲ್ಲಿ ಜಮೀನಿನ ಮೇಲಿನ ಸಾಲ ಬರೆದಿರುತ್ತದೆ, ಅಲ್ಲಿ ಸೊಸೈಟಿಯ ಬೆಳೆ ಸಾಲ ಇತ್ತು. ನೀವೂ ನಿಮ್ಮ ಮನೆಯ ಪಹಣಿ ತೆಗೆದು ಮೊದಲು ಈ ಎರಡು ಕಾಲಂ ನೋಡಿಕೊಳ್ಳಿ. ಯಾರ ಹೆಸರಿನಲ್ಲಿದೆ, ಏನು ಸಾಲವಿದೆ, ಎರಡೂ ಅಲ್ಲೇ ಗೊತ್ತಾಗುತ್ತದೆ.

ಸತ್ತವರ ಹೆಸರಿನಲ್ಲಿ ಪಹಣಿ ಇದ್ದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಉಳುಮೆ ನಡೆಯುತ್ತದೆ, ಬೆಳೆ ಬರುತ್ತದೆ. ಅದಕ್ಕೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರು, ಮುತ್ತಜ್ಜನ ಹೆಸರು ಇನ್ನೂ ಹಾಗೇ ಇದೆ. ತೊಂದರೆ ನಿಧಾನಕ್ಕೆ ಒಂದೊಂದಾಗಿ ಬರುತ್ತದೆ. ನಮ್ಮಲ್ಲಿ ಮೊದಲು ನಿಂತದ್ದು ಅಪ್ಪನ ಹೆಸರಿಗೆ ಬರುತ್ತಿದ್ದ ಕಿಸಾನ್ ಸಮ್ಮಾನ್ ಹಣ. ಆಮೇಲೆ ಸೊಸೈಟಿಯ ಸಾಲ. ಗಡುವಿನೊಳಗೆ ಕಟ್ಟಿದರೆ ಆ ಸಾಲಕ್ಕೆ ಬಡ್ಡಿಯಿಲ್ಲ, ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಕಟ್ಟಿ ಹೊಸದಾಗಿ ತೆಗೆಯೋಣವೆಂದರೆ ಸಾಲಗಾರ ಬದುಕಿಲ್ಲ, ಮಗನ ಹೆಸರಿನಲ್ಲಿ ಪಹಣಿ ಇಲ್ಲ. ಮಳೆಗೆ ಬೆಳೆ ಹೋದರೆ ಪರಿಹಾರದ ಹಣವೂ ಪಹಣಿಯಲ್ಲಿ ಹೆಸರಿರುವವರ ಆಧಾರ್ ಜೋಡಿಸಿದ ಖಾತೆಗೇ ಹೋಗುವುದು. ಸತ್ತವರ ಖಾತೆಗೆ ಬಂದು ಏನು ಪ್ರಯೋಜನ?

ಹೀಗಾಗಿ ಪೌತಿ ಖಾತೆ ಮಾಡಿಸಲೇಬೇಕಿತ್ತು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಸೇರಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದರ ದಾರಿ ಕಷ್ಟದ್ದಲ್ಲ. ಮೊದಲು ಮರಣ ಪ್ರಮಾಣ ಪತ್ರ. ಸಾವಾದ 21 ದಿನದೊಳಗೆ ನೋಂದಾಯಿಸಿದರೆ ಸುಲಭ, ತಡವಾದಷ್ಟೂ ಮೇಲಿನ ಅಧಿಕಾರಿಯ ಅನುಮತಿ, ಆದೇಶ ಎಂದು ಓಡಾಟ ಹೆಚ್ಚುತ್ತದೆ. ಎರಡನೆಯದು ವಂಶವೃಕ್ಷ, ಇದನ್ನು ನಾಡಕಚೇರಿಯಲ್ಲಿ ಅರ್ಜಿ ಹಾಕಿ ತೆಗೆದುಕೊಳ್ಳಬೇಕು. ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ, ಊರಿಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ಇವೆರಡು, ಪಹಣಿ, ಎಲ್ಲರ ಆಧಾರ್ ಇಟ್ಟು ಪೌತಿಗೆ ಅರ್ಜಿ. ಆಮೇಲೆ ಆಕ್ಷೇಪಣೆ ಇದ್ದರೆ ಹೇಳಿ ಎಂದು ನೋಟಿಸ್ ಹೊರಡಿಸುತ್ತಾರೆ. ಯಾರೂ ತಕರಾರು ಮಾಡದಿದ್ದರೆ ಕಂದಾಯ ನಿರೀಕ್ಷಕರು ಮ್ಯುಟೇಶನ್ ಮಂಜೂರು ಮಾಡುತ್ತಾರೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ.

ದಾರಿ ಇಷ್ಟೇ ಆದರೂ ನಮ್ಮ ಮನೆಯಲ್ಲಿ ಅದು ನಿಂತದ್ದು ವಂಶವೃಕ್ಷದಲ್ಲಿ.

ವಂಶವೃಕ್ಷದ ಅರ್ಜಿಯಲ್ಲಿ ಅಪ್ಪನ ಹೆಸರು ಬರೆದು, ಕೆಳಗೆ ಅವ್ವನ ಹೆಸರು ಬರೆದು, ಅದರ ಕೆಳಗೆ ನಮ್ಮ ಮೂವರ ಹೆಸರನ್ನೂ ಬರೆದಿದ್ದೆ. ಅಂದು ಸಂಜೆ ಹಜಾರದಲ್ಲಿ ಕೂತಿದ್ದ ಹತ್ತಿರದ ಹಿರಿಯರೊಬ್ಬರು ಅದನ್ನು ಓದಿಸಿ ಕೇಳಿದರು. ಕೇಳಿ ಎಲೆಯಡಿಕೆ ಉಗುಳಿ ಬಂದು, "ಕೊಟ್ಟ ಹೆಣ್ಣುಮಕ್ಕಳ ಹೆಸರು ಯಾಕವ್ವ ಬರೀಬೇಕು? ಹುಡುಗನ ಹೆಸರು, ಅವ್ವನ ಹೆಸರು ಸಾಕು" ಎಂದರು. ಇನ್ನೊಬ್ಬರು ಅದಕ್ಕೂ ಸ್ವಲ್ಪ ನಯವಾಗಿ, "ಹೆಸರು ಇರ್ಲಿ ಬಿಡ್ರಿ, ಆದ್ರೆ ಆಮೇಲೆ ಇಬ್ರೂ ಬಂದು ಹಕ್ಕು ಬಿಡುಗಡೆ ಬರೆದುಕೊಟ್ರೆ ಆತು. ನೀನು ದೊಡ್ಡೋಳು, ನೀನೇ ದೊಡ್ಡ ಮನಸ್ಸು ಮಾಡಬೇಕು" ಎಂದರು.

ನಾನು ಆಗ ಏನೂ ಹೇಳಲಿಲ್ಲ. ಅವ್ವ ಒಳಗಿದ್ದಳು, ತಮ್ಮ ತಲೆ ತಗ್ಗಿಸಿ ಕೂತಿದ್ದ. ಆ "ದೊಡ್ಡ ಮನಸ್ಸು" ಎಂಬ ಮಾತು ನನಗೆ ಚಿಕ್ಕಂದಿನಿಂದ ಗೊತ್ತು. ಹೋಳಿಗೆ ಎರಡೇ ಇದ್ದರೆ ದೊಡ್ಡವಳು ಬಿಡಬೇಕು. ಫೀಸಿನ ದುಡ್ಡು ಒಬ್ಬರಿಗೇ ಇದ್ದರೆ ದೊಡ್ಡವಳು ಒಂದು ವರ್ಷ ತಡೆಯಬೇಕು. ನಾನು ಪಿಯುಸಿ ಆದ ಮೇಲೆ ಒಂದು ವರ್ಷ ಮನೆಯಲ್ಲಿದ್ದು ಆಮೇಲೆ ಪತ್ರಿಕೋದ್ಯಮದ ಡಿಪ್ಲೊಮಾ ಸೇರಿದ್ದು ಹಾಗೇ. ಅದರ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ. ನನ್ನದನ್ನು ನಾನು ಬಿಟ್ಟದ್ದು ಅಷ್ಟೇ.

ರಾತ್ರಿ ತಂಗಿ ಫೋನು ಮಾಡಿದಳು. ಅವಳ ಗಂಡ ಗೂಡ್ಸ್ ಗಾಡಿ ಓಡಿಸುತ್ತಾನೆ, ಗಾಡಿ ಸ್ವಂತದ್ದಲ್ಲ. ಬಾಡಿಗೆ ಮನೆ, ಎರಡು ಮಕ್ಕಳು. "ಅಕ್ಕ, ನೀ ಸಹಿ ಹಾಕ್ತೀಯಾ?" ಎಂದು ಕೇಳಿದಳು. ಇನ್ನೂ ಯೋಚನೆ ಮಾಡಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಹಾಕಿದ್ರೆ ನಾನೂ ಹಾಕ್ಬೇಕಾಗ್ತದೆ. ಅಕ್ಕನೇ ಹಾಕ್ಯಾಳೆ, ನಿಂಗೇನು ಅಂತಾರೆ" ಎಂದಳು.

ಅವಳು ಹೇಳಿದ್ದು ಇಷ್ಟೇ. ಆದರೆ ನನಗೆ ಇಡೀ ವಿಷಯ ತಿಳಿದದ್ದು ಆ ಮಾತಿನಲ್ಲಿ. ನನ್ನ ಪಾಲು ನಾನು ಬಿಡಬಹುದು, ನನಗೆ ಸಂಪಾದನೆ ಇದೆ, ಗಂಡನಿಗೂ ಕೆಲಸವಿದೆ. ಆದರೆ ದೊಡ್ಡವಳ ಸಹಿ ಬಿದ್ದ ಮೇಲೆ ಚಿಕ್ಕವಳಿಗೆ "ಇಲ್ಲ" ಎನ್ನುವ ಬಾಯಿ ಉಳಿಯುವುದಿಲ್ಲ. ದೊಡ್ಡವಳು ಒಪ್ಪಿದಳು ಎಂಬುದೇ ಅವಳ ಮೇಲಿನ ಒತ್ತಾಯವಾಗುತ್ತದೆ. ನನ್ನನ್ನು ಕೇಳಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಮೊದಲು ನನ್ನನ್ನೇ ಕೇಳಿದರು. ಹುಟ್ಟಿದ ಸರದಿಯಿಂದ ಬಂದ ಜವಾಬ್ದಾರಿಗಳಲ್ಲಿ ನನಗೆ ಅತಿ ಭಾರವಾಗಿ ಕಂಡದ್ದು ಇದೇ: ನಾನು ನನ್ನ ವಿಷಯದಲ್ಲಿ ತೆಗೆದುಕೊಳ್ಳುವ ತೀರ್ಮಾನ ಕೆಳಗಿನವರಿಗೂ ತೀರ್ಮಾನವಾಗಿಬಿಡುತ್ತದೆ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಬೇಕು, ಏಕೆಂದರೆ ಊರಲ್ಲಿ ಇದರ ಬಗ್ಗೆ ಅರ್ಧಂಬರ್ಧ ಸುದ್ದಿಯೇ ಹೆಚ್ಚು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಒಂದೊಂದು ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿಯಾದಾಗ ಮದುವೆಯಾಗಿರಲಿ ಆಗದಿರಲಿ ಮಗಳೂ ಮಗನಂತೆ ಎಂದಾಯಿತು. 2005ಕ್ಕೆ ಮೊದಲು ಅಪ್ಪ ಸತ್ತಿದ್ದರೆ ಮಗಳಿಗೆ ಹಕ್ಕಿಲ್ಲ ಎಂಬ ವಾದ ಉಳಿದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ತೆರೆ ಎಳೆಯಿತು. ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಆ ದಿನ ಬದುಕಿರಬೇಕೆಂದಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಆಗಿಹೋದ ಪಾಲುಗಳನ್ನು ಮತ್ತೆ ಬಿಚ್ಚುವಂತಿಲ್ಲ.

ನಮ್ಮ ಮನೆಗೆ ಲೆಕ್ಕ ಹಾಕಿದರೆ ಅಜ್ಜಿ ಇಲ್ಲ, ಉಳಿದವರು ಅವ್ವ ಮತ್ತು ನಾವು ಮೂವರು. 96 ಗುಂಟೆಗೆ ನಾಲ್ಕು ಪಾಲು, ತಲಾ 24 ಗುಂಟೆ.

ಮರುದಿನ ಬೆಳಿಗ್ಗೆ ತಮ್ಮನೊಬ್ಬನನ್ನೇ ಕರೆದುಕೊಂಡು ತೋಟಕ್ಕೆ ಹೋದೆ. ಮನೆಯಲ್ಲಿ ಹತ್ತು ಜನರ ಮುಂದೆ ಮಾತಾಡಿದರೆ ಅವನೂ ತನ್ನ ಮಾತು ಹೇಳುವುದಿಲ್ಲ, ನಾನೂ ಹೇಳಲಾರೆ. ಅವನು ಮೊದಲು ಹೇಳಿದ್ದು, "ನಾನು ನಿಮ್ಮ ಹೆಸರು ಬ್ಯಾಡ ಅಂದಿಲ್ಲ ಅಕ್ಕ." ಸ್ವಲ್ಪ ದೂರ ನಡೆದ ಮೇಲೆ ಮನಸ್ಸಿನಲ್ಲಿದ್ದದ್ದು ಬಂತು. "ಹತ್ತು ವರ್ಷದಿಂದ ಗದ್ದೆ ಮಾಡ್ತಿರೋನು ನಾನು. ಅಪ್ಪ ಮಲಗಿದಾಗ ನೋಡಿದ್ದು ನಾನು, ನನ್ ಹೆಂಡ್ತಿ. ನಿಮ್ಮಿಬ್ಬರ ಮದುವೆ ಸಾಲ ತೀರಿಸಿದ್ದೂ ಇದೇ ತೋಟದ ಅಡಿಕೆ. ನಾಳೆ ನೀವು ಪಾಲು ಕೇಳಿದ್ರೆ ನಂಗೆ ಉಳಿಯೋದು 24 ಗುಂಟೆ. ಅದ್ರಾಗೆ ಬದುಕು ಮಾಡಾಕಾಗ್ತದಾ?"

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. 24 ಗುಂಟೆಯಲ್ಲಿ ಒಂದು ಸಂಸಾರ ಬದುಕುವುದು ಸಾಧ್ಯವಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಬರೆಯುವಾಗ ನಾವು ಪತ್ರಿಕೆಯವರು ಈ ಮಾತನ್ನು ಬಿಟ್ಟುಬಿಡುತ್ತೇವೆ. ಊರಲ್ಲಿ ಉಳಿದು ಉಳುವವನ ಭಯ ದುರಾಸೆ ಎಂದು ತಳ್ಳಿಹಾಕುವಂಥದ್ದಲ್ಲ.

ನಾನು ಅವನಿಗೆ ಹೇಳಿದ್ದು ಎರಡೇ ಮಾತು. ಒಂದು, ಪೌತಿ ಬೇರೆ, ಪಾಲು ಬೇರೆ. ಪೌತಿಯಲ್ಲಿ ನಾಲ್ಕು ಹೆಸರು ಜಂಟಿಯಾಗಿ ಬಂದ ಮಾತ್ರಕ್ಕೆ ಜಮೀನಿಗೆ ಬದು ಬೀಳುವುದಿಲ್ಲ. ಸರ್ವೆಯವರು ಬಂದು ನಕ್ಷೆ ಮಾಡಿ, ಪಾಲು ಪತ್ರ ನೋಂದಣಿಯಾದ ಮೇಲೆ ತಾನೇ ಬೇರೆ ಬೇರೆ ಪಹಣಿ? ಅಲ್ಲಿಯವರೆಗೆ ಉಳುವವನು ಉಳುತ್ತಲೇ ಇರಬಹುದು. ಪಾಲಿನ ಮಾತು ಮುಗಿಯದೆ ಪೌತಿ ಮಾಡಿಸುವುದಿಲ್ಲ ಎಂದು ಕೂತದ್ದಕ್ಕೇ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರು ಉಳಿದುಕೊಂಡಿರುವುದು. ಆಮೇಲೆ ವಾರಸುದಾರರಲ್ಲೂ ಒಬ್ಬೊಬ್ಬರು ತೀರಿಕೊಂಡು, ನಾಲ್ಕು ಸಹಿಯಲ್ಲಿ ಮುಗಿಯುವ ಕೆಲಸಕ್ಕೆ ಇಪ್ಪತ್ತು ಸಹಿ ಬೇಕಾಗುತ್ತದೆ. ಆ ಇಪ್ಪತ್ತರಲ್ಲಿ ಇಬ್ಬರು ಬೆಂಗಳೂರಿನಲ್ಲಿರುತ್ತಾರೆ, ಒಬ್ಬರು ಮಾತು ಬಿಟ್ಟಿರುತ್ತಾರೆ.

ಎರಡನೆಯದು, ನಾನು ಹಕ್ಕು ಬಿಡುಗಡೆಗೆ ಈಗ ಸಹಿ ಹಾಕುವುದಿಲ್ಲ. "ನನಗೆ ಬೇಕು ಅಂತಲ್ಲ. ನಾ ಹಾಕಿದ್ರೆ ಅವಳು ಹಾಕ್ಬೇಕಾಗ್ತದೆ. ಅವಳ ಮಾತು ಅವಳೇ ಹೇಳಲಿ, ನಿಧಾನಕ್ಕೆ" ಎಂದೆ. ಅವನು ಉತ್ತರ ಕೊಡಲಿಲ್ಲ. ಬಿದ್ದಿದ್ದ ಒಂದು ಸೋಗೆ ಎಳೆದು ಬದಿಗೆ ಹಾಕಿ ಮನೆ ಕಡೆ ನಡೆದ.

ಓದುವ ಅಕ್ಕ ತಂಗಿಯರಿಗೆ ಇಲ್ಲೊಂದು ಮಾತು. ನಿಮ್ಮಿಂದ ಕೇಳುತ್ತಿರುವ ಸಹಿ ಯಾವುದಕ್ಕೆ ಎಂದು ತಿಳಿಯುವುದು ಕಷ್ಟವಲ್ಲ. ನಾಡಕಚೇರಿ, ತಾಲ್ಲೂಕು ಕಚೇರಿಯಲ್ಲಿ ಪೌತಿ ಅರ್ಜಿಗೆ ಹಾಕುವ ಸಹಿಯಿಂದ ನಿಮ್ಮ ಹಕ್ಕು ಹೋಗುವುದಿಲ್ಲ, ನಿಮ್ಮ ಹೆಸರು ಆ ಅರ್ಜಿಯಲ್ಲಿ ವಾರಸುದಾರರ ಪಟ್ಟಿಯಲ್ಲಿ ಇರಬೇಕು ಅಷ್ಟೇ. ನಿಮ್ಮನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಕ್ಯಾಮೆರಾದ ಮುಂದೆ ಕೂರಿಸಿ, ಹೆಬ್ಬೆಟ್ಟು ತೆಗೆದುಕೊಂಡರೆ ಅದು ನೋಂದಣಿ ಪತ್ರ. ಹಕ್ಕು ಬಿಡುಗಡೆ ಆಗುವುದು ಅಲ್ಲಿ, ಅದು ಆದ ಮೇಲೆ ವಾಪಸ್ ಪಡೆಯುವುದೆಂದರೆ ಕೋರ್ಟಿಗೆ ಹೋಗಿ ಮೋಸ ಅಥವಾ ಒತ್ತಾಯ ಆಗಿತ್ತೆಂದು ತೋರಿಸಬೇಕು. ಬರೀ ಛಾಪಾ ಕಾಗದದ ಮೇಲೆ ಬರೆಸಿಕೊಂಡು ನೋಂದಣಿ ಮಾಡಿಸದ ಬಿಡುಗಡೆಯಿಂದ ಜಮೀನಿನ ಹಕ್ಕು ದಾಟುವುದಿಲ್ಲ. ಇನ್ನೂ ಒಂದಿದೆ. ವಂಶವೃಕ್ಷದ ಪ್ರತಿ ಕೇಳಿ ತೆಗೆದುಕೊಂಡು ನಿಮ್ಮ ಹೆಸರಿದೆಯೇ ನೋಡಿ. ಹೆಣ್ಣುಮಕ್ಕಳ ಹೆಸರು ಕೈಬಿಡುವುದು ಆ ಒಂದು ಹಾಳೆಯಲ್ಲೇ. ಅಲ್ಲಿ ಬಿಟ್ಟರೆ ಮುಂದೆ ಯಾವ ಕಚೇರಿಗೂ ನೀವಿದ್ದೀರಿ ಎಂದು ಗೊತ್ತಾಗುವುದಿಲ್ಲ.

ಅರ್ಜಿಯಲ್ಲಿ ನಾಲ್ಕು ಹೆಸರು ಹೋದವು. ಗ್ರಾಮ ಲೆಕ್ಕಿಗರು ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಮಾಡಿದರು. "ಕೊಟ್ಟ ಹೆಣ್ಣುಮಕ್ಕಳ ಹೆಸರು ಯಾಕೆ" ಎಂದಿದ್ದ ಹಿರಿಯರೇ ಸಾಕ್ಷಿಯಾಗಿ ಸಹಿ ಹಾಕಿದರು. ಯಾರೂ ಆಕ್ಷೇಪಣೆ ಹಾಕಲಿಲ್ಲ. ಹೊಸ ಪಹಣಿಯಲ್ಲಿ ಒಂಬತ್ತನೇ ಕಾಲಂನಲ್ಲಿ ಅವ್ವ, ನಾನು, ತಮ್ಮ, ತಂಗಿ, ನಾಲ್ವರೂ ಜಂಟಿ ಎಂದು ಬಂತು. ಅವ್ವನಿಗೆ ಓದಿ ಹೇಳಿದೆ. ಅವಳು ಬೆರಳಿಟ್ಟು, "ಯಾವ್ದು ನನ್ನ ಹೆಸರು?" ಎಂದು ಕೇಳಿದಳು. ತೋರಿಸಿದೆ. ಅಷ್ಟು ವರ್ಷ ಆ ಗದ್ದೆಯಲ್ಲಿ ನಾಟಿ ಮಾಡಿದವಳ ಹೆಸರು ಆ ಕಾಗದಕ್ಕೆ ಬಂದದ್ದು ಅದೇ ಮೊದಲು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದರೆ ಅರ್ಧ ಸತ್ಯ. ಆ ವರ್ಷದ ದೀಪಾವಳಿಗೆ ತಮ್ಮ ನನ್ನನ್ನು ಕರೆಯಲು ಬರಲಿಲ್ಲ. ನಮ್ಮ ಕಡೆ ಹಬ್ಬಕ್ಕೆ ತವರಿನಿಂದ ಕರೆ ಬರುವುದು ದೊಡ್ಡ ವಿಷಯ. ಫೋನಿನಲ್ಲಿ ಅವ್ವ ಕರೆದಳು, ನಾನು ಹೋಗಿಬಂದೆ. ತಮ್ಮನ ಹೆಂಡತಿ ಊಟಕ್ಕೆ ಬಡಿಸಿದಳು, ಆದರೆ ಮೊದಲಿನ ಹಾಗೆ ಪಕ್ಕದಲ್ಲಿ ಕೂತು ಮಾತಾಡಲಿಲ್ಲ. ಹಕ್ಕು ಉಳಿಸಿಕೊಂಡ ಹೆಣ್ಣುಮಕ್ಕಳು ತವರು ಕಳೆದುಕೊಳ್ಳುತ್ತಾರೆ ಎಂದು ಊರಲ್ಲಿ ಹೇಳುವುದು ಸುಮ್ಮನೆ ಅಲ್ಲ, ಆ ಹೆದರಿಕೆಗೇ ಎಷ್ಟೋ ಜನ ಸಹಿ ಹಾಕುತ್ತಾರೆ.

ಜಂಟಿ ಖಾತೆಯ ಕಷ್ಟವೂ ಇದೆ. ತಮ್ಮ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯಬೇಕಾದರೆ ಜಂಟಿದಾರರೆಲ್ಲರ ಒಪ್ಪಿಗೆ ಕೇಳಿದರು. ನಾನು ಶಿಕಾರಿಪುರದಿಂದ, ತಂಗಿ ತನ್ನ ಊರಿನಿಂದ ಒಂದು ದಿನದ ಕೆಲಸ ಬಿಟ್ಟು ಬರಬೇಕು. ಮೊದಲ ಸಲ ತಂಗಿ ಬರುವುದು ಎರಡು ದಿನ ತಡವಾಯಿತು, ಗಡುವು ಹತ್ತಿರ ಬಂದಿತ್ತು. ಅಂದು ಸೊಸೈಟಿಯ ಜಗಲಿಯ ಮೇಲೆ ತಮ್ಮ ಎಲ್ಲರ ಮುಂದೆ, "ನೋಡಿದ್ಯಾ ಅಕ್ಕ, ನನ್ ಗದ್ದೆಗೆ ಗೊಬ್ಬರ ತರಾಕೆ ನಾನು ಎಷ್ಟು ಜನನ್ನ ಬೇಡ್ಕಬೇಕು" ಎಂದ. ಅವನು "ನನ್ ಗದ್ದೆ" ಎಂದದ್ದು ತಂಗಿಗೆ ಕೇಳಿಸಿತು. ನನಗೂ ಕೇಳಿಸಿತು.

ಅದಾದ ಮೇಲೆ ಒಂದು ಭಾನುವಾರ ನಾಲ್ವರೂ ಕೂತೆವು. ಹೊರಗಿನ ಹಿರಿಯರನ್ನು ಕರೆಯಲಿಲ್ಲ. ಅವ್ವನೇ ನಡುವೆ ಕೂತಳು. ತಮ್ಮ ತನ್ನ ಲೆಕ್ಕ ಹೇಳಿದ, ಮದುವೆ ಸಾಲ ಎಷ್ಟು ತೀರಿಸಿದ, ಅಪ್ಪನ ಔಷಧಿಗೆ ಎಷ್ಟಾಯಿತು ಎಂದು. ಕಾನೂನಿನಲ್ಲಿ ಮದುವೆ ಖರ್ಚನ್ನು ಮಗಳ ಪಾಲಿನಿಂದ ಕಳೆಯುವ ಪದ್ಧತಿಯಿಲ್ಲ. ಆದರೆ ಮನೆಯೊಳಗಿನ ಒಪ್ಪಂದಕ್ಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದೇನೂ ಇಲ್ಲ. ತಂಗಿ ಮೊದಲ ಸಲ ಬಾಯಿ ಬಿಟ್ಟು, "ನಂಗೆ ಈಗ ಜಮೀನು ಕುಯ್ದು ಕೊಡಿ ಅಂತ ಕೇಳಲ್ಲ. ಆದ್ರೆ ನನ್ ಹೆಸರು ತೆಗೆಯಬ್ಯಾಡ್ರಿ. ನಾಳೆ ನಮ್ಮನೇಲಿ ಏನಾದ್ರೂ ಆದ್ರೆ ನಂಗೆ ಒಂದು ಜಾಗ ಅಂತ ಇರ್ಲಿ" ಎಂದಳು. ನನ್ನ ಸಹಿ ಮೊದಲೇ ಬಿದ್ದಿದ್ದರೆ ಈ ಮಾತು ಆ ಮನೆಯಲ್ಲಿ ಯಾವತ್ತೂ ಕೇಳಿಸುತ್ತಿರಲಿಲ್ಲ.

ಕೊನೆಗೆ ಆದದ್ದು ಇಷ್ಟು. ಉಳುಮೆ ಪೂರ್ತಿ ತಮ್ಮನದು. ತೋಟದ ಅಡಿಕೆಯಲ್ಲಿ ಮೊದಲು ಅವ್ವನ ಖರ್ಚು, ಉಳಿದದ್ದು ಅವನಿಗೆ. ನಮ್ಮಿಬ್ಬರಿಗೂ ವರ್ಷಕ್ಕೆ ಒಂದೊಂದು ಚೀಲ ಅಕ್ಕಿ. ಸೊಸೈಟಿಯ ದಿನ ಮೊದಲೇ ಗೊತ್ತು ಮಾಡಿಕೊಂಡು ನಾವಿಬ್ಬರೂ ಒಂದೇ ದಿನ ಬರುವುದು. ನಮ್ಮಲ್ಲಿ ಯಾರಾದರೂ ಪಾಲು ಮಾರುವ ಮಾತು ಬಂದರೆ ಮೊದಲು ತಮ್ಮನನ್ನು ಕೇಳಬೇಕು. ಇದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ನಾಲ್ವರೂ ಸಹಿ ಮಾಡಿದೆವು, ಅವ್ವ ಹೆಬ್ಬೆಟ್ಟು ಒತ್ತಿದಳು. ಕೋರ್ಟಿನಲ್ಲಿ ಇದಕ್ಕೆ ಎಷ್ಟು ತೂಕವೋ ಬೇರೆ ಮಾತು, ಮನೆಯಲ್ಲಿ ತೂಕವಿದೆ. ಮುಂದಿನ ದೀಪಾವಳಿಗೆ ತಮ್ಮ ಬೈಕಿನಲ್ಲಿ ಶಿಕಾರಿಪುರಕ್ಕೆ ಬಂದು ಕರೆದು ಹೋದ. ಅವನ ಹೆಂಡತಿ ಇನ್ನೂ ಸ್ವಲ್ಪ ಬಿಗಿಯಾಗೇ ಇದ್ದಾಳೆ. ಅವಳ ತವರಿನಲ್ಲಿ ಅವಳು ಸಹಿ ಹಾಕಿ ಬಂದವಳು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಮಹಾದೇವಿಯನ್ನು ಲೋಕವೆಲ್ಲ ಅಕ್ಕ ಎನ್ನುತ್ತದೆ. ಆಕೆ ಮನೆ, ಆಸ್ತಿ ಎಲ್ಲ ಬಿಟ್ಟು ನಡೆದವಳು. ಬಿಡುವ ಮಾತು ಬಂದಾಗ ಊರ ಹಿರಿಯರು ನನಗೂ ಆಕೆಯ ಉದಾಹರಣೆ ಕೊಟ್ಟರು. ಆಕೆ ಬಿಟ್ಟದ್ದು ತನ್ನ ಇಚ್ಛೆಯಿಂದ, ಯಾರೋ ಬರೆದು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅಲ್ಲ ಎಂದು ನಾನು ಹೇಳಿದೆ. ಅವರು ನಕ್ಕು ಸುಮ್ಮನಾದರು.

2025ರಲ್ಲಿ ಸರ್ಕಾರ ಇ-ಪೌತಿ ಎಂದು ಶುರು ಮಾಡಿ, ಸತ್ತವರ ಹೆಸರಿನ ಖಾತೆಗಳನ್ನು ಬದಲಿಸುವ ಕೆಲಸವನ್ನು ಹಳ್ಳಿಗಳಿಗೇ ತಂದಿತು. ಸುದ್ದಿ ಮಾಡಲು ಹೋದ ಕಡೆಯಲ್ಲೆಲ್ಲ ಒಂದು ವಿಷಯ ಕಂಡೆ. ಅಧಿಕಾರಿ ಬಂದರೂ, ಅರ್ಜಿ ಕೈಗೆ ಕೊಟ್ಟರೂ, ಮನೆಯವರು "ಅಣ್ಣ ಬರಲಿ", "ಅಕ್ಕನ್ನ ಕೇಳಿ ಹೇಳ್ತೀವಿ" ಎನ್ನುತ್ತಾರೆ. ದೊಡ್ಡವರು ಹೂಂ ಎನ್ನುವವರೆಗೆ ಹಾಳೆ ಮುಂದೆ ಹೋಗುವುದಿಲ್ಲ. ಹಾಗಾಗಿ ದೊಡ್ಡವರಾದ ನಿಮ್ಮಲ್ಲಿ ನಾನು ಕೇಳುವುದು ಇಷ್ಟೇ: ಎಲ್ಲರ ಹೆಸರು ಬರೆಸಿ ಪೌತಿ ಮೊದಲು ಮಾಡಿಸಿ. ಬಿಡುವುದು, ಹಂಚುವುದು, ಮಾರುವುದು ಎಲ್ಲ ಆಮೇಲೆ, ಚಿಕ್ಕವರೂ ಬಾಯಿ ಬಿಟ್ಟು ಮಾತಾಡಿದ ಮೇಲೆ.

ನನ್ನ ಕೈಯಲ್ಲಿರುವ ಚೀಲದ ಕೆಲಸ ಇನ್ನೂ ಮುಗಿದಿಲ್ಲ. ಅವ್ವನ 24 ಗುಂಟೆ ಇದೆ. ಅವಳ ನಂತರ ಅದು ಯಾರಿಗೆ ಎಂದು ಈಗಲೇ ಕೇಳುವುದು ನಮ್ಮಲ್ಲಿ ಅಪಶಕುನ ಎನ್ನುತ್ತಾರೆ. ಆದರೆ ಅವಳ ಬಾಯಿಂದಲೇ ಕೇಳಿ, ಬೇಕೆಂದರೆ ವಿಲ್ ಬರೆಸಿ ಇಡುವುದು ಒಳ್ಳೆಯದು. ಕಳೆದ ತಿಂಗಳು ಅಡಿಕೆ ಸುಲಿಯುವಾಗ ಮೆಲ್ಲಗೆ ಕೇಳಿದೆ. ಅವ್ವ ಕತ್ತಿಯಿಂದ ಕಣ್ಣು ತೆಗೆಯದೆ, "ಯೋಚನೆ ಮಾಡ್ತೀನಿ. ನಂದು ನಾನೇ ಹೇಳ್ತೀನಿ, ನೀ ಅವಸರ ಮಾಡಬ್ಯಾಡ" ಎಂದಳು.

ಅವಸರ ಮಾಡಿಲ್ಲ. ಚೀಲವನ್ನು ಕಪಾಟಿನಲ್ಲಿ ಮೇಲಿಟ್ಟಿದ್ದೇನೆ, ಅವಳು ಹೇಳಿದ ದಿನ ಇಳಿಸುತ್ತೇನೆ.